ವಾರ್ಷಿಕ ಮಹಾಸಭೆಯ ಕರಡು ನಡಾವಳಿ ಮತ್ತು ತಿದ್ದುಪಡಿಗೆ ಕೊನೆಯ ದಿನ

ಬಡಾವಣೆ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘ (ನೋಂ.), ಮೈಸೂರು

ದಿನಾಂಕ: 16 ಸೆಪ್ಟೆಂಬರ್ 2025, ಮಂಗಳವಾರ

ಇವರಿಗೆ,
ಸಂಘದ ಎಲ್ಲ ಸದಸ್ಯರು

ವಿಷಯ: ದಿನಾಂಕ 14-09-2025ರ ಭಾನುವಾರ ನಡೆದ ವಾರ್ಷಿಕ ಮಹಾಸಭೆಯ ಕರಡು ನಡಾವಳಿಯನ್ನು ಕಳುಹಿಸಿ, 20-09-2025ರ ಶನಿವಾರ ಸಂಜೆ 7 ಗಂಟೆಯೊಳಗೆ ತಿದ್ದುಪಡಿ ಸೂಚಿಸುವಂತೆ ಕೋರುವ ಬಗ್ಗೆ.

ಮಾನ್ಯರೇ,

ಕಳೆದ ಭಾನುವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ನಡೆದ ನಮ್ಮ ಸಂಘದ ವಾರ್ಷಿಕ ಮಹಾಸಭೆಯ ಕರಡು ನಡಾವಳಿಯನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಅದರಲ್ಲಿ ಆರು ಪುಟಗಳಿದ್ದು, ಪ್ರತಿ ಪುಟದ ಎಡ ಅಂಚಿನಲ್ಲಿ ಸಾಲುಗಳ ಸಂಖ್ಯೆಯನ್ನು ನಮೂದಿಸಲಾಗಿದೆ. ಹಾಜರಾತಿ ಪುಸ್ತಕದಲ್ಲಿ ಸಹಿ ಮಾಡಿದ 64 ಸದಸ್ಯರ ಪಟ್ಟಿ ಕೊನೆಯ ಪುಟದಲ್ಲಿದೆ. ಸಭೆಗೆ ಬಂದವರೂ ಬರಲಾಗದವರೂ ಇದನ್ನು ಓದಬೇಕೆಂದು ಕೋರುತ್ತೇನೆ. ತಿದ್ದುಪಡಿ ಸೂಚಿಸುವ ಹಕ್ಕು ಮಾತ್ರ ಸಭೆಯಲ್ಲಿ ಹಾಜರಿದ್ದ ಸದಸ್ಯರಿಗೆ ಇರುತ್ತದೆ.

ಇಷ್ಟು ಕಡಿಮೆ ಅವಧಿ ಏಕೆಂದು ಕೆಲವರಾದರೂ ಕೇಳುವುದು ಸಹಜ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ 13ನೇ ಪ್ರಕರಣದಂತೆ, ವಾರ್ಷಿಕ ಮಹಾಸಭೆ ನಡೆದ 14 ದಿನಗಳೊಳಗೆ ಆಡಳಿತ ಮಂಡಳಿಯ ಸದಸ್ಯರ ಪಟ್ಟಿಯನ್ನೂ ಲೆಕ್ಕಪರಿಶೋಧನೆಯಾದ ಆಯವ್ಯಯ ತಖ್ತೆಗಳನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಆ ಲೆಕ್ಕದಲ್ಲಿ ಕೊನೆಯ ದಿನ 28ರ ಭಾನುವಾರ ಬರುತ್ತದೆ. ಅದರ ಹಿಂದಿನ ದಿನ ನಾಲ್ಕನೇ ಶನಿವಾರವಾದ್ದರಿಂದ ಸರ್ಕಾರಿ ಕಚೇರಿ ತೆರೆದಿರುವುದಿಲ್ಲ. ಹಾಗಾಗಿ ನಮ್ಮ ಪಾಲಿಗೆ ಉಳಿಯುವುದು 26ರ ಶುಕ್ರವಾರ ಮಾತ್ರ. ಹೊಸ ಮಂಡಳಿಯ ಆಯ್ಕೆಯೂ ಲೆಕ್ಕಪತ್ರಗಳ ಅಂಗೀಕಾರವೂ ಇದೇ ಸಭೆಯಲ್ಲಿ ಆಗಿರುವುದರಿಂದ, ನಡಾವಳಿಯ ದೃಢೀಕೃತ ಪ್ರತಿಯನ್ನೂ ಅವುಗಳ ಜೊತೆಗೇ ಸಲ್ಲಿಸುವುದು ಒಳ್ಳೆಯದೆಂದು ಅಧ್ಯಕ್ಷರು ಸೂಚಿಸಿದ್ದಾರೆ. 21ರ ಭಾನುವಾರ ಮಹಾಲಯ ಅಮಾವಾಸ್ಯೆ, ಬಹಳಷ್ಟು ಮನೆಗಳಲ್ಲಿ ಪಿತೃಕಾರ್ಯವಿರುತ್ತದೆ. 22ರ ಸೋಮವಾರ ದಸರಾ ಆರಂಭವಾದ ಮೇಲೆ ಮನೆತುಂಬ ನೆಂಟರಿರುವಾಗ ಯಾರಿಗೂ ನಡಾವಳಿ ಓದುವ ಪುರುಸೊತ್ತು ಸಿಗುವುದಿಲ್ಲ. ಇವೆಲ್ಲವನ್ನೂ ನೋಡಿಯೇ ಶನಿವಾರ ಸಂಜೆಯನ್ನು ಗೊತ್ತುಮಾಡಲಾಗಿದೆ.

ವಿಷಯ ಸಂಖ್ಯೆ 5ನ್ನು ಎಲ್ಲರೂ ವಿಶೇಷ ಗಮನದಿಂದ ಓದಬೇಕೆಂದು ವಿನಂತಿಸುತ್ತೇನೆ. ಉದ್ಯಾನದ ಪೂರ್ವ ದಿಕ್ಕಿನ ಕಾಲುದಾರಿಗೆ ಬೆಳಕು ಸಾಲದೆ ಹಿರಿಯರು ಸಂಜೆ ನಡೆದಾಡಲು ಹೆದರುತ್ತಾರೆಂಬ ದೂರಿನಿಂದ ಚರ್ಚೆ ಆರಂಭವಾಯಿತು. ಮೊದಲು ಮಂಡಿಸಿದ ಸೂಚನೆಯಲ್ಲಿ ದೀಪದ ಕಂಬದ ಪಕ್ಕದ ಹೊಂಗೆ ಮರವನ್ನು ತೆಗೆಸಬೇಕೆಂದಿತ್ತು. ಚರ್ಚೆಯ ನಡುವೆ 3ನೇ ಅಡ್ಡರಸ್ತೆಯ ಹಿರಿಯ ಸದಸ್ಯರೊಬ್ಬರು, ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಗಳ ಅನುಮತಿ ಬೇಕಾಗುತ್ತದೆಂದೂ, ಬೆಳಕಿಗೆ ಅಡ್ಡವಾಗಿರುವುದು ಎರಡು ಕೊಂಬೆಗಳು ಮಾತ್ರವೆಂದೂ ತಿಳಿಸಿದರು. ಸೂಚಕರು ಅದನ್ನು ಒಪ್ಪಿ ತಮ್ಮ ಸೂಚನೆಯನ್ನು ಬದಲಿಸಿಕೊಂಡರು. ಅದೇ ಹೊತ್ತಿಗೆ ವಿದ್ಯುತ್ ಹೋಗಿ ಮೈಕ್ ನಿಂತಿದ್ದರಿಂದ, ಹಿಂದಿನ ಸಾಲುಗಳಲ್ಲಿದ್ದ ಹಲವರಿಗೆ ಈ ಬದಲಾವಣೆ ಕೇಳಿಸಿಲ್ಲ. ಸಭೆ ಮುಗಿದ ಮೇಲೆ ಮರ ಕಡಿಯಲು ತೀರ್ಮಾನವಾಯಿತೆಂಬ ಮಾತು ಬಡಾವಣೆಯಲ್ಲಿ ಹರಡಿರುವುದಕ್ಕೆ ಇದೇ ಕಾರಣವೆಂದು ತೋರುತ್ತದೆ. ಮತಕ್ಕೆ ಹಾಕುವ ಮುನ್ನ ಅಧ್ಯಕ್ಷರು ಓದಿ ಹೇಳಿದ, ಸೂಚಕರು ಮತ್ತು ಅನುಮೋದಕರಿಬ್ಬರೂ ಅಲ್ಲಿಯೇ ಸಹಿ ಹಾಕಿದ ಠರಾವಿನ ಪಾಠ ಹೀಗಿದೆ:

"ಉದ್ಯಾನದ ಪೂರ್ವ ಕಾಲುದಾರಿಯ ದೀಪಕ್ಕೆ ಅಡ್ಡ ಬರುವ ಹೊಂಗೆ ಮರದ ಎರಡು ಕೊಂಬೆಗಳನ್ನಷ್ಟೇ ಸವರಿಸಿಕೊಡುವಂತೆ ಮಹಾನಗರ ಪಾಲಿಕೆಗೆ ಅರ್ಜಿ ಸಲ್ಲಿಸಲು, ಮತ್ತು ಸಂಘದ ವತಿಯಿಂದ ಯಾರೂ ತಾವಾಗಿ ಮರಕ್ಕೆ ಕೈ ಹಾಕದಿರಲು ತೀರ್ಮಾನಿಸಲಾಯಿತು."

ಪರವಾಗಿ 41, ವಿರುದ್ಧವಾಗಿ 17 ಮತಗಳು ಬಂದವು. 6 ಸದಸ್ಯರು ತಟಸ್ಥರಾಗಿದ್ದರು. ವಿರುದ್ಧ ಮತ ಹಾಕಿದವರಲ್ಲಿ ಇಬ್ಬರು ತಮ್ಮ ಅಸಮ್ಮತಿಯನ್ನು ಕಾರಣಸಹಿತ ದಾಖಲಿಸುವಂತೆ ಕೇಳಿದ್ದರು. ಅವರ ಕಾರಣಗಳನ್ನು 4ನೇ ಪುಟದ 11ರಿಂದ 16ನೇ ಸಾಲುಗಳಲ್ಲಿ ಬರೆದಿದ್ದೇನೆ. ಅವು ತಮ್ಮ ಮಾತಿಗೆ ಸರಿಹೊಂದುತ್ತವೆಯೇ ಎಂದು ಆ ಇಬ್ಬರೂ ಪರಿಶೀಲಿಸಿ ತಿಳಿಸಿದರೆ ಉಪಕಾರವಾಗುತ್ತದೆ. ಬಹುಮತದ ತೀರ್ಮಾನದಷ್ಟೇ ಜೋಪಾನವಾಗಿ ಅಲ್ಪಮತದ ಮಾತನ್ನೂ ದಾಖಲೆಯಲ್ಲಿ ಉಳಿಸುವುದು ಈ ಸ್ಥಾನದಲ್ಲಿರುವವರ ಕರ್ತವ್ಯವೆಂದು ನಾನು ನಂಬಿದ್ದೇನೆ.

ವಿಷಯ ಸಂಖ್ಯೆ 3ರಲ್ಲಿ ಮಾಸಿಕ ವಂತಿಗೆಯನ್ನು ₹150ರಿಂದ ₹200ಕ್ಕೆ ಏರಿಸುವ ಠರಾವು ಇದೆ. ಏರಿಕೆಯು 1 ಅಕ್ಟೋಬರ್ 2025ರಿಂದ ಜಾರಿಗೆ ಬರುತ್ತದೆಂದು ಕರಡಿನಲ್ಲಿದೆ; ಏಪ್ರಿಲ್‌ನಿಂದ ಎಂಬ ಸಲಹೆ ಚರ್ಚೆಯಲ್ಲಿ ಬಂದಿತ್ತಾದರೂ ಅದಕ್ಕೆ ಅನುಮೋದಕರು ಸಿಗಲಿಲ್ಲ. ಉಳಿದ ವಿಷಯಗಳಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯ ಇರಲಿಲ್ಲ.

ತಿದ್ದುಪಡಿ ಸೂಚಿಸುವವರು ಪುಟ ಮತ್ತು ಸಾಲಿನ ಸಂಖ್ಯೆ, ಈಗಿರುವ ವಾಕ್ಯ, ಅದರ ಬದಲಿಗೆ ಇರಬೇಕಾದ ವಾಕ್ಯ, ಈ ಮೂರನ್ನೂ ಬರೆದು, ಹೆಸರು ಮತ್ತು ಮನೆ ಸಂಖ್ಯೆಯೊಂದಿಗೆ ಸಹಿ ಮಾಡಿ ಸಂಘದ ಕಚೇರಿಗೆ ತಲುಪಿಸಬೇಕು. ಕಚೇರಿ ಪ್ರತಿದಿನ ಸಂಜೆ 5.30ರಿಂದ 7.30ರವರೆಗೆ ತೆರೆದಿರುತ್ತದೆ; ಕೊನೆಯ ದಿನವಾದ ಶನಿವಾರ ಮಾತ್ರ 7 ಗಂಟೆಯ ಅನಂತರ ಬಂದದ್ದನ್ನು ಸ್ವೀಕರಿಸುವುದಿಲ್ಲ. ಈ ಪತ್ರ ಇ-ಮೇಲ್‌ನಲ್ಲಿ ತಲುಪಿದವರು ಅದಕ್ಕೇ ಉತ್ತರವಾಗಿ ಬರೆದರೂ ಸಾಕು. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಸಂದೇಶಗಳನ್ನು ತಿದ್ದುಪಡಿಯೆಂದು ಪರಿಗಣಿಸುವುದಿಲ್ಲ. ಅಲ್ಲಿ ಮಾತಿಗೆ ಮಾತು ಸೇರಿ, ಯಾರು ಏನನ್ನು ಕೇಳಿದರೆಂಬುದೇ ತಿಳಿಯದಂತಾಗುತ್ತದೆ. ಬರೆಯಲು ಕಷ್ಟವಾಗುವ ಹಿರಿಯರು ಕಚೇರಿಗೆ ಹೇಳಿಕಳುಹಿಸಿದರೆ ನಾನೇ ಮನೆಗೆ ಬಂದು, ಅವರು ಹೇಳಿದಂತೆ ಬರೆದುಕೊಂಡು, ಓದಿ ಹೇಳಿ ಸಹಿ ಪಡೆಯುತ್ತೇನೆ.

ಸಭೆಯಲ್ಲಿ ನಡೆದದ್ದು ನಡೆದಂತೆ ದಾಖಲಾಗಿದೆಯೇ ಎಂಬುದಷ್ಟೇ ಈ ಹಂತದಲ್ಲಿ ನೋಡಬೇಕಾದ ವಿಷಯ. ತಪ್ಪಾದ ಅಂಕಿ, ಬಿಟ್ಟುಹೋದ ಹೆಸರು, ಅರ್ಥ ಬದಲಾಗುವಂತಹ ಪದ, ಸೂಚಕರು ಅಥವಾ ಅನುಮೋದಕರ ಅದಲುಬದಲು, ಇಂಥವನ್ನು ಅಗತ್ಯವಾಗಿ ತಿಳಿಸಿ. ಸಭೆಯಲ್ಲಿ ಹೇಳಬೇಕೆಂದಿದ್ದು ಹೇಳಲಾಗದೆ ಉಳಿದ ಅಭಿಪ್ರಾಯವನ್ನು ಈಗ ಸೇರಿಸಲು ಅವಕಾಶವಿಲ್ಲ. ತೀರ್ಮಾನವೇ ಸರಿಯಿಲ್ಲವೆಂದು ಅನಿಸಿದವರು ಬೈಲಾದಲ್ಲಿ ಹೇಳಿರುವಂತೆ ವಿಶೇಷ ಮಹಾಸಭೆಗೆ ಕೋರಿಕೆ ಸಲ್ಲಿಸಬಹುದು. ನಡಾವಳಿಯ ತಿದ್ದುಪಡಿ ಅದಕ್ಕೆ ದಾರಿಯಲ್ಲ. ಪ್ರತಿಯೊಬ್ಬರ ಭಾಷಣವನ್ನೂ ಅಕ್ಷರಶಃ ಬರೆದಿಲ್ಲವೆಂಬುದನ್ನೂ ಗಮನಿಸಬೇಕು.

ಒಂದೊಂದು ಸಾಲಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಉದ್ಯಾನದ ಕೊಳವೆಬಾವಿಯ ಮೋಟಾರು ಸಂಘದ ಹಣದಲ್ಲಿ ಕೊಂಡದ್ದೋ, ಸದಸ್ಯರೊಬ್ಬರು ದಾನವಾಗಿ ಕೊಟ್ಟದ್ದೋ ಎಂಬ ಪ್ರಶ್ನೆ ಕಳೆದ ವರ್ಷ ಬಂದಾಗ, ಹಳೆಯ ನಡಾವಳಿ ಪುಸ್ತಕದಲ್ಲಿ "ಮೋಟಾರು ಅಳವಡಿಸಲಾಯಿತು" ಎಂಬ ಎರಡೇ ಪದಗಳಿದ್ದವು. ಅಂದಿನ ಸಭೆಯಲ್ಲಿದ್ದವರು ಒಬ್ಬೊಬ್ಬರು ಒಂದೊಂದು ಹೇಳಿದರು. ದುರಸ್ತಿಯ ಖರ್ಚು ಯಾರದೆಂದು ತೀರ್ಮಾನವಾಗುವವರೆಗೆ ಬೇಸಿಗೆಯಲ್ಲಿ ಗಿಡಗಳಿಗೆ ನೀರಿಲ್ಲದಂತಾಯಿತು. ಈ ಬಾರಿ ಅಂತಹ ಸಂದೇಹಕ್ಕೆ ಎಡೆಯಾಗಬಾರದು.

ಬಂದ ತಿದ್ದುಪಡಿಗಳನ್ನು 23ರ ಮಂಗಳವಾರ ಸಂಜೆ ಕಾರ್ಯಕಾರಿ ಸಮಿತಿಯ ಮುಂದಿಡಲಾಗುವುದು. ಸಮಿತಿ ಒಪ್ಪದ ತಿದ್ದುಪಡಿ ಯಾವುದಾದರೂ ಇದ್ದರೆ, ಸೂಚಿಸಿದವರಿಗೆ ಕಾರಣವನ್ನು ಲಿಖಿತವಾಗಿ ತಿಳಿಸಿ, ಅವರ ಪತ್ರವನ್ನು ನಡಾವಳಿಯ ಕಡತದಲ್ಲಿಯೇ ಇಡಲಾಗುವುದು. ಅನಂತರ ಅಧ್ಯಕ್ಷರ ಸಹಿಯಾದ ಪ್ರತಿಯನ್ನು ಸೂಚನಾ ಫಲಕದಲ್ಲಿ ಹಾಕಿ, ಮುಂದಿನ ಮಹಾಸಭೆಯಲ್ಲಿ ಓದಿ ದೃಢೀಕರಣಕ್ಕೆ ಮಂಡಿಸಲಾಗುವುದು. ಶನಿವಾರ ಸಂಜೆ 7 ಗಂಟೆಯೊಳಗೆ ಯಾರಿಂದಲೂ ಪತ್ರ ಬರದಿದ್ದಲ್ಲಿ, ಕರಡನ್ನು ಇದ್ದಂತೆಯೇ ಅಧ್ಯಕ್ಷರ ಸಹಿಗೆ ಸಲ್ಲಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಗೌರವ ಕಾರ್ಯದರ್ಶಿ

ಲಗತ್ತು: ಕರಡು ನಡಾವಳಿ, ಹಾಜರಾತಿ ಪಟ್ಟಿ ಸಹಿತ (6 ಪುಟಗಳು)

ಪ್ರತಿ: ಅಧ್ಯಕ್ಷರು ಮತ್ತು ಖಜಾಂಚಿಯವರ ಮಾಹಿತಿಗಾಗಿ, ಕಚೇರಿಯ ಸೂಚನಾ ಫಲಕಕ್ಕೆ