ಸ್ಟ್ಯಾಟಿಸ್ಟಿಕ್ಸ್ ಫೈನಲ್‌ಗೆ ಒಂದು ವಾರದ ಓದು: ತಮ್ಮನಿಗೆ

ಪರೀಕ್ಷೆ ಮುಂದಿನ ಮಂಗಳವಾರ ಬೆಳಿಗ್ಗೆ 10ಕ್ಕೆ. ಮೂರು ಗಂಟೆ, 100 ಅಂಕ. ಫಾರ್ಮುಲಾ ಶೀಟು, z, t, ಕೈ-ಸ್ಕ್ವೇರ್ ಟೇಬಲ್‌ಗಳನ್ನು ಅವರೇ ಕೊಡುತ್ತಾರೆ. ನಿನ್ನ ಹತ್ತಿರ ಐದು ವರ್ಷದ ಹಳೇ ಪೇಪರ್‌ಗಳಿವೆ. ಶುಕ್ರವಾರದವರೆಗೆ ದಿನಾ ಸಂಜೆ ಮೂರು ಗಂಟೆ ಸಿಗುತ್ತದೆ, ಶನಿವಾರ ಭಾನುವಾರ ಪೂರ್ತಿ ಬಿಡುವು. ಇಷ್ಟು ಸಾಕು.

ನಿನ್ನ ಮಿಡ್‌ಟರ್ಮ್ ಉತ್ತರಪತ್ರಿಕೆ ಪೂರ್ತಿ ನೋಡಿದೆ. ಲೆಕ್ಕ ಮಾಡುವುದರಲ್ಲಿ ನಿನಗೆ ಏನೂ ತೊಂದರೆ ಇಲ್ಲ. ಅಂಕ ಹೋಗಿರುವುದು ಯಾವ ಸೂತ್ರ ಹಾಕಬೇಕು ಅನ್ನುವಲ್ಲಿ, ಆಮೇಲೆ ಕೊನೆಯ ವಾಕ್ಯ ಬರೆಯುವಲ್ಲಿ. ಸೂತ್ರ ಶೀಟಿನಲ್ಲೇ ಇರುತ್ತದೆ, ಯಾವಾಗ ಹಾಕಬೇಕು ಅನ್ನುವುದು ಅದರಲ್ಲಿ ಇರುವುದಿಲ್ಲ. ಈ ವಾರ ಅದನ್ನೇ ಕಲಿಯೋಣ.

ಪೇಪರ್‌ಗಳನ್ನು ಈಗಲೇ ಹಂಚಿಡು. ಎಲ್ಲಕ್ಕಿಂತ ಹಳೆಯದು ಇವತ್ತಿಗೆ. ಅದರ ನಂತರದ ಎರಡು, ಬುಧವಾರದಿಂದ ಶುಕ್ರವಾರದವರೆಗೆ ಬಿಡಿ ಪ್ರಶ್ನೆಗಳಿಗೆ. ನಾಲ್ಕನೆಯದು ಶನಿವಾರಕ್ಕೆ, ಹೊಸದು ಭಾನುವಾರಕ್ಕೆ. ಕೊನೆಯ ಎರಡನ್ನು ಅಲ್ಲಿಯವರೆಗೆ ತೆರೆದೂ ನೋಡಬೇಡ.

ಮಂಗಳವಾರ (ಇವತ್ತು)

ಸಂಜೆ 6ರಿಂದ 9ರವರೆಗೆ ಹಳೆಯ ಪೇಪರ್ ಬರೆ. ಪಕ್ಕದಲ್ಲಿ ಫಾರ್ಮುಲಾ ಶೀಟು, ಟೇಬಲ್, ಕ್ಯಾಲ್ಕ್ಯುಲೇಟರ್ ಮಾತ್ರ. ನೋಟ್ಸ್ ಬೇಡ. ಓದದೆ ಬರೆದರೆ ಕಡಿಮೆ ಅಂಕ ಬರುತ್ತದೆ ಅಂತ ಹೆದರಬೇಡ, ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತೀಯ ಅಂತ ತಿಳಿಯುವುದಕ್ಕೇ ಇದು. ಬರೆದು ಮುಗಿಸಿ ಮಲಗು.

ಬುಧವಾರ: ತಿದ್ದುವುದು, ಫಾರ್ಮುಲಾ ಶೀಟು

ಮೊದಲ ಒಂದು ಗಂಟೆ ನಿನ್ನೆಯ ಪೇಪರ್ ತಿದ್ದು. ಹೋದ ಪ್ರತಿ ಅಂಕದ ಪಕ್ಕ ಮೂರರಲ್ಲಿ ಒಂದು ಕಾರಣ ಬರೆ: ‘ಸೂತ್ರ’, ‘ಲೆಕ್ಕ’, ‘ವಾಕ್ಯ’. ಎಣಿಸಿ ನೋಡು. ಗುರುವಾರ, ಶುಕ್ರವಾರದ ವಿಷಯಗಳನ್ನು ಮಿಡ್‌ಟರ್ಮ್ ನೋಡಿ ಆರಿಸಿದ್ದೇನೆ. ಎಣಿಕೆ ಬೇರೆ ಏನಾದರೂ ಹೇಳಿದರೆ ಅದಕ್ಕೆ ತಕ್ಕಂತೆ ಬದಲಾಯಿಸಿಕೋ.

ಉಳಿದ ಎರಡು ಗಂಟೆ ಶೀಟಿಗೆ. ಸುಮ್ನೆ ನಕಲು ಮಾಡುತ್ತಾ ಕೂರಬೇಡ. ಪ್ರಿಂಟ್ ತೆಗೆದು ಪ್ರತಿ ಸೂತ್ರದ ಪಕ್ಕ ಪೆನ್ಸಿಲ್‌ನಲ್ಲಿ ಮೂರು ವಿಷಯ ಬರೆ: ಎಂಥ ಪ್ರಶ್ನೆಗೆ, ಯಾವ ಷರತ್ತಿನಲ್ಲಿ, ಡಿಗ್ರೀಸ್ ಆಫ್ ಫ್ರೀಡಮ್ ಎಷ್ಟು. ಒಂದು ಸ್ಯಾಂಪಲ್‌ನ t-ಟೆಸ್ಟ್‌ಗೆ n − 1. ಎರಡು ಸ್ವತಂತ್ರ ಗುಂಪು, ವೇರಿಯನ್ಸ್ ಸಮ ಅಂದುಕೊಂಡಾಗ n₁ + n₂ − 2. ಕೈ-ಸ್ಕ್ವೇರ್ ಕೋಷ್ಟಕಕ್ಕೆ (r − 1)(c − 1), ಎಕ್ಸ್‌ಪೆಕ್ಟೆಡ್ ಸಂಖ್ಯೆ ಪ್ರತಿ ಮನೆಯಲ್ಲೂ 5 ಅಥವಾ ಹೆಚ್ಚು ಇರಬೇಕು ಅನ್ನುವುದು ರೂಢಿಯ ನಿಯಮ.

ಒಂದು ಜಾಗಕ್ಕೆ ಕೆಂಪು ಗುರುತು ಹಾಕಿಕೋ. ಪ್ರಪೋರ್ಷನ್‌ಗೆ ಕಾನ್ಫಿಡೆನ್ಸ್ ಇಂಟರ್ವಲ್ ಕೇಳಿದರೆ ಸ್ಟ್ಯಾಂಡರ್ಡ್ ಎರರ್‌ನಲ್ಲಿ p̂ ಬರುತ್ತದೆ: √(p̂(1 − p̂)/n). ಟೆಸ್ಟ್ ಮಾಡಲು ಕೇಳಿದರೆ H₀ ಹೇಳುವ p₀ ಬರುತ್ತದೆ: √(p₀(1 − p₀)/n). ಎರಡೂ ಒಂದೇ ಥರ ಕಾಣುವುದರಿಂದ ಮಿಡ್‌ಟರ್ಮ್‌ನಲ್ಲಿ ಎರಡು ಕಡೆ ಅದಲುಬದಲು ಮಾಡಿದ್ದೀಯ.

ಟೇಬಲ್ ನೋಡುವುದನ್ನೂ ಅಭ್ಯಾಸ ಮಾಡು. ಎರಡು ಬದಿಯ 5% ಟೆಸ್ಟ್‌ಗೆ z = 1.96, ಒಂದು ಬದಿಗೆ 1.645. df 9 ಇದ್ದಾಗ ಎರಡು ಬದಿಗೆ t = 2.262. ಈ ಮೂರೂ ನಿನ್ನ ಟೇಬಲ್‌ನಲ್ಲಿ ಎಲ್ಲಿವೆ ಅಂತ ಹುಡುಕು. ಸಿಕ್ಕರೆ ಟೇಬಲ್ ಓದಲು ಬಂತು ಅಂತಲೇ ಅರ್ಥ.

ಗುರುವಾರ: ಕಂಡಿಷನಲ್ ಪ್ರಾಬಬಿಲಿಟಿ

ಬೇಯ್ಸ್ ಸೂತ್ರಕ್ಕೆ ಸಂಖ್ಯೆ ತುಂಬುವಾಗ ನಿನಗೆ P(A|B), P(B|A) ಕಲಸಿಹೋಗುತ್ತವೆ. ಈ ವಾರ ಸೂತ್ರ ಬಿಟ್ಟು ಜನರನ್ನು ಎಣಿಸು. ಒಂದು ಕಾಯಿಲೆ 1% ಜನರಿಗಿದೆ. ಇದ್ದವರಲ್ಲಿ 95% ಜನರಿಗೆ ಟೆಸ್ಟ್ ಪಾಸಿಟಿವ್ ಬರುತ್ತದೆ, ಇಲ್ಲದವರಲ್ಲೂ 5% ಜನರಿಗೆ ಬರುತ್ತದೆ. 10,000 ಜನ ಅಂದುಕೋ. ಕಾಯಿಲೆ ಇರುವವರು 100, ಅವರಲ್ಲಿ ಪಾಸಿಟಿವ್ 95. ಇಲ್ಲದವರು 9,900, ಅವರಲ್ಲಿ ಪಾಸಿಟಿವ್ 495. ಒಟ್ಟು ಪಾಸಿಟಿವ್ 590. ಪಾಸಿಟಿವ್ ಬಂದವರಲ್ಲಿ ನಿಜವಾಗಿ ಕಾಯಿಲೆ ಇರುವವರು 95/590, ಅಂದರೆ ಸುಮಾರು 16%. 95% ಅಲ್ಲ. ಇದು ಎಷ್ಟು ಚೆಂದದ ಫಲಿತಾಂಶ ನೋಡು, ಕಾಯಿಲೆ ಅಪರೂಪವಾದಷ್ಟೂ ತಪ್ಪು ಪಾಸಿಟಿವ್‌ಗಳ ಪಾಲು ಜಾಸ್ತಿ ಆಗುತ್ತದೆ.

ಹೀಗೆಯೇ ಎರಡು ಪೇಪರ್‌ಗಳಲ್ಲಿ ಇರುವ ಇಂಥ ಪ್ರಶ್ನೆಗಳನ್ನೆಲ್ಲ ಮಾಡು. ಮೊದಲು ಎಣಿಸಿ, ಆಮೇಲೆ ಅದೇ ಉತ್ತರವನ್ನು ಸೂತ್ರದಲ್ಲಿ ಬರೆ. ಸಮಯ ಉಳಿದರೆ ಬೈನಾಮಿಯಲ್, ಪಾಯ್ಸನ್ ಒಂದೊಂದು ಲೆಕ್ಕ.

ಶುಕ್ರವಾರ: ಯಾವ ಟೆಸ್ಟ್?

ಇದೇ ವಾರದ ಮುಖ್ಯ ದಿನ. ಎರಡು ಪೇಪರ್ ಮತ್ತು ಪಠ್ಯಪುಸ್ತಕದಿಂದ 20 ಟೆಸ್ಟಿಂಗ್ ಪ್ರಶ್ನೆ ಆರಿಸಿಕೋ, ಅಧ್ಯಾಯದ ಕ್ರಮ ತಪ್ಪಿಸಿ ಕಲಸು. ಯಾವುದನ್ನೂ ಬಿಡಿಸಬೇಡ. ಟೆಸ್ಟ್‌ನ ಹೆಸರು, H₀ ಮತ್ತು H₁, ಒಂದು ಬದಿಯೋ ಎರಡು ಬದಿಯೋ, df ಎಷ್ಟು, ಇಷ್ಟನ್ನೇ ಬರೆ. ಒಂದಕ್ಕೆ ಮೂರು ನಿಮಿಷ.

ನಿನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇದೇ ಕ್ರಮದಲ್ಲಿರಲಿ. ಡೇಟಾ ಅಳತೆಯೋ ಎಣಿಕೆಯೋ? ಗುಂಪು ಒಂದೋ ಎರಡೋ? ಎರಡಾದರೆ, ಒಂದರ ಪ್ರತಿ ಸಂಖ್ಯೆಗೆ ಇನ್ನೊಂದರಲ್ಲಿ ಜೊತೆ ಇದೆಯೋ? σ ಗೊತ್ತೋ, ಬರೀ s ಇದೆಯೋ?

ಮೂರನೇ ಪ್ರಶ್ನೆಯನ್ನು ನೀನು ಹಾರಿಸುತ್ತೀಯ. 10 ಜನರ ರಕ್ತದೊತ್ತಡವನ್ನು ಔಷಧಿಗೆ ಮೊದಲು ಮತ್ತು ನಂತರ ಅಳೆದರೆ 20 ಸಂಖ್ಯೆ ಕಾಣುತ್ತವೆ, ಆದರೆ ಜನ ಹತ್ತೇ. ವ್ಯತ್ಯಾಸ ತೆಗೆದು ಪೇರ್ಡ್ t ಮಾಡಬೇಕು, df 9. ಎರಡು ಸ್ವತಂತ್ರ ಗುಂಪು ಅಂದುಕೊಂಡು df 18 ಹಾಕಿದರೆ ಮುಂದೆ ಎಷ್ಟು ನೀಟಾಗಿ ಲೆಕ್ಕ ಮಾಡಿದರೂ ಟೆಸ್ಟೇ ತಪ್ಪು.

ತಪ್ಪಿದ ಪ್ರಶ್ನೆಗಳನ್ನು ಮಾತ್ರ ಕೊನೆಯಲ್ಲಿ ಪೂರ್ತಿ ಬಿಡಿಸು.

ಶನಿವಾರ

ಬೆಳಿಗ್ಗೆ 10ರಿಂದ 1ರವರೆಗೆ ನಾಲ್ಕನೇ ಪೇಪರ್, ಪರೀಕ್ಷೆಯ ಹೊತ್ತಿಗೇ. 100 ಅಂಕಕ್ಕೆ 180 ನಿಮಿಷ, ಅಂದರೆ 10 ಅಂಕದ ಪ್ರಶ್ನೆಗೆ 18 ನಿಮಿಷ. ಮೀರಿದರೆ ಜಾಗ ಬಿಟ್ಟು ಮುಂದಕ್ಕೆ ಹೋಗು. ಪೆನ್ಸಿಲ್ ಟಿಪ್ಪಣಿ ಇರುವ ಶೀಟು ಬೇಡ, ಖಾಲಿ ಶೀಟು ಇಟ್ಟುಕೋ.

ಮಧ್ಯಾಹ್ನ ವಿಶ್ರಾಂತಿ. ಸಂಜೆ ತಿದ್ದಿ, ‘ವಾಕ್ಯ’ ಅಂತ ಗುರುತು ಬಿದ್ದವನ್ನು ಮತ್ತೆ ಬರೆ. p-ವ್ಯಾಲ್ಯೂ ಅಂದರೆ H₀ ಸರಿ ಇರುವ ಸಂಭವ ಅಲ್ಲ. H₀ ಸರಿ ಇದ್ದಿದ್ದರೆ ಈಗ ಬಂದಷ್ಟೇ ಅಥವಾ ಇದಕ್ಕಿಂತ ವಿಪರೀತವಾದ ಫಲಿತಾಂಶ ಬರುವ ಸಂಭವ. 95% ಇಂಟರ್ವಲ್ ಅಂದರೆ, ಇದೇ ವಿಧಾನದಲ್ಲಿ ಮತ್ತೆ ಮತ್ತೆ ಸ್ಯಾಂಪಲ್ ತೆಗೆದರೆ ಸುಮಾರು 95% ಇಂಟರ್ವಲ್‌ಗಳ ಒಳಗೆ ನಿಜವಾದ ಸರಾಸರಿ ಬರುತ್ತದೆ. ‘H₀ ಒಪ್ಪಿದೆ’ ಅಂತ ಎಲ್ಲೂ ಬರೆಯಬೇಡ, ‘H₀ ತಿರಸ್ಕರಿಸಲು ಸಾಕಷ್ಟು ಆಧಾರ ಇಲ್ಲ’ ಅಂತ ಬರೆ. ಆಮೇಲೆ ಪ್ರಶ್ನೆಯ ವಿಷಯಕ್ಕೆ ಬಂದು ಒಂದು ವಾಕ್ಯ ಸೇರಿಸು.

ಭಾನುವಾರ

ಹೊಸ ಪೇಪರ್, ಅದೇ ಹೊತ್ತು, ಅದೇ ನಿಯಮ. ತಿದ್ದಿದ ಮೇಲೆ ಇನ್ನೂ ಉಳಿದಿರುವ ಎರಡು ವಿಷಯ ಮಾತ್ರ ಆರಿಸಿ ಸಂಜೆ ಅವಕ್ಕೆ ಕೊಡು. ಮೂರನೆಯದಕ್ಕೆ ಕೈ ಹಾಕಬೇಡ. ರಿಗ್ರೆಷನ್ ನಿನಗೆ ಚೆನ್ನಾಗಿ ಬರುತ್ತದೆ, ಒಂದು ಲೆಕ್ಕ ಸಾಕು. ಡೇಟಾ ಇರುವ ವ್ಯಾಪ್ತಿಯ ಹೊರಗಿನ x ಕೊಟ್ಟು ಅಂದಾಜು ಕೇಳಿದರೆ ಅದನ್ನು ನಂಬಲಾಗದು ಅಂತ ಬರೆಯುವುದು ಮರೆಯಬೇಡ.

ಸೋಮವಾರ

ಎರಡು ಗಂಟೆಗಿಂತ ಜಾಸ್ತಿ ಬೇಡ. ಖಾಲಿ ಶೀಟು ತೆಗೆದುಕೊಂಡು ಪೆನ್ಸಿಲ್ ಟಿಪ್ಪಣಿಗಳನ್ನೆಲ್ಲ ಬಾಯಲ್ಲಿ ಹೇಳು, ಎಲ್ಲಿ ತಡವರಿಸುತ್ತೀಯೋ ಅಲ್ಲಿ ಮಾತ್ರ ಹಳೆಯ ಶೀಟು ನೋಡು. ಶುಕ್ರವಾರ ತಪ್ಪಿದ ಪ್ರಶ್ನೆಗಳಿಗೆ ಮತ್ತೊಮ್ಮೆ ಟೆಸ್ಟ್ ಹೆಸರಿಸು. ಕ್ಯಾಲ್ಕ್ಯುಲೇಟರ್‌ನಲ್ಲಿ 2, 4, 6 ಹಾಕಿ ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆ. 2 ಬಂದರೆ ಅದು n − 1ರ ಬಟನ್, 1.633 ಬಂದರೆ n ಇರುವ ಬಟನ್. ಸ್ಯಾಂಪಲ್ ಲೆಕ್ಕಗಳಿಗೆ ಮೊದಲನೆಯದನ್ನೇ ಒತ್ತಬೇಕು. ಬ್ಯಾಟರಿ ನೋಡಿ, ಹಾಲ್ ಟಿಕೆಟ್ ಜೊತೆ ಬ್ಯಾಗಿಗೆ ಹಾಕಿ, ಹತ್ತಕ್ಕೆ ಮಲಗು. ಏನಾದರೂ ಅರ್ಥ ಆಗದಿದ್ದರೆ ರಾತ್ರಿ ಒಂಬತ್ತರ ಒಳಗೆ ನನಗೆ ಫೋನ್ ಮಾಡು.