‘ಕೈಲೆಕ್ಕ’ ಆ್ಯಪ್ ಬಿಡುಗಡೆ: ಆರಂಭದ ಮಾತು

ಮೂಡಿಗೆರೆ, ಕೊಪ್ಪ, ಕಳಸದ ಕಡೆಯಿಂದ ಬೆಳಗಿನ ಬಸ್ಸಿಗೇ ಹೊರಟು ಚಿಕ್ಕಮಗಳೂರಿಗೆ ಬಂದಿರುವ ಅಂಗಡಿಯ ಹಿರಿಯರೇ, ಸಹೋದರ ಸಹೋದರಿಯರೇ, ನಿಮಗೆಲ್ಲ ನಮಸ್ಕಾರ. ಅರ್ಧ ದಿನದ ವ್ಯಾಪಾರವನ್ನು ಬಿಟ್ಟು ಬರುವುದೆಂದರೆ ಏನೆಂದು ನನಗೆ ಗೊತ್ತಿದೆ. ನಾನು ಬೆಳೆದದ್ದೂ ಮೂಡಿಗೆರೆ ತಾಲ್ಲೂಕಿನ ಒಂದು ದಿನಸಿ ಅಂಗಡಿಯಲ್ಲಿಯೇ.

ನಮ್ಮ ತಂದೆಯವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೆಂಪು ರಟ್ಟಿನ ಒಂದು ಸಾಲದ ಪುಸ್ತಕ ಇರುತ್ತಿತ್ತು. ತೋಟದ ಕೆಲಸದವರು ವಾರವಿಡೀ ಅಕ್ಕಿ, ಎಣ್ಣೆ, ಬೆಲ್ಲವನ್ನು ಬರೆಸಿಕೊಂಡು ಹೋಗಿ ಬಟವಾಡೆಯ ದಿನ ಸಂಜೆ ಬಂದು ತೀರಿಸುತ್ತಿದ್ದರು. ಸಣ್ಣ ಬೆಳೆಗಾರರು ಮಳೆಗಾಲವನ್ನೆಲ್ಲ ಸಾಲದಲ್ಲಿಯೇ ಕಳೆದು, ಕಾಫಿ ಕೊಯ್ದು ಮಾರಿದ ಮೇಲೆ ಒಂದೇ ಸಲಕ್ಕೆ ಲೆಕ್ಕ ಮುಗಿಸುತ್ತಿದ್ದರು. ಒಂದು ಆಗಸ್ಟ್‌ನಲ್ಲಿ ಹೆಂಚಿನ ಸಂದಿಯಿಂದ ರಾತ್ರಿಯಿಡೀ ಸೋರಿದ ನೀರು ಆ ಪುಸ್ತಕದ ಮೇಲೆ ಬಿದ್ದು, ಮೂರು ತಿಂಗಳ ಬರಹ ನೀಲಿ ಮಚ್ಚೆಯಾಗಿ ಹರಡಿಕೊಂಡಿತು. ತಂದೆಯವರು ನೆನಪಿನಿಂದಲೇ ಮತ್ತೆ ಬರೆದರು. ಬಹಳಷ್ಟು ಜನ ತಾವು ಕೊಡಬೇಕಾದದ್ದನ್ನು ತಾವಾಗಿಯೇ ಬಂದು ಹೇಳಿದರು. ಆದರೆ ಒಂದು ಮನೆಯವರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ನಾನ್ನೂರು ರೂಪಾಯಿಯ ವ್ಯತ್ಯಾಸ ಬಂದು, ಮಾತಿಗೆ ಮಾತು ಬೆಳೆದು, ಅವರು ನಮ್ಮ ಅಂಗಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟರು. ಅವರು ಸುಳ್ಳು ಹೇಳಿದರೆಂದು ತಂದೆಯವರು ಎಂದೂ ನಂಬಲಿಲ್ಲ, ನಾನೂ ನಂಬುವುದಿಲ್ಲ. ಲೆಕ್ಕ ಒಬ್ಬರ ಕೈಯಲ್ಲಿ ಮಾತ್ರ ಇತ್ತು ಎಂಬುದೇ ಅಲ್ಲಿದ್ದ ತೊಡಕು.

ಇಂದು ನಿಮ್ಮ ಮುಂದೆ ಇಡುತ್ತಿರುವ ‘ಕೈಲೆಕ್ಕ’ ಆ್ಯಪ್ ಹುಟ್ಟಿದ್ದು ಆ ನಾನ್ನೂರು ರೂಪಾಯಿಯಿಂದ. ಇದರಲ್ಲಿ ನೀವು ಒಂದು ಸಾಲವನ್ನು ಬರೆದರೆ, ಅದೇ ಸಾಲು ಗಿರಾಕಿಯ ಮೊಬೈಲಿಗೂ ಸಂದೇಶವಾಗಿ ಹೋಗುತ್ತದೆ. ತಪ್ಪಿದ್ದರೆ ಆ ದಿನವೇ ಗೊತ್ತಾಗುತ್ತದೆ, ಮೂರು ತಿಂಗಳ ನಂತರವಲ್ಲ. ಅವರ ಬಳಿ ಗುಂಡಿಯೊತ್ತುವ ಸಾದಾ ಫೋನ್ ಇದ್ದರೂ ಸಾಕು. ಅಸ್ಸಾಮಿನಿಂದ, ತಮಿಳುನಾಡಿನಿಂದ ತೋಟಕ್ಕೆ ಬಂದವರಿಗೆ ಅವರವರ ಭಾಷೆಯಲ್ಲಿಯೇ ಸಂದೇಶ ಹೋಗುವಂತೆ ಆರಿಸಿಕೊಳ್ಳಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟು ಹೋದರೆ ಟವರ್ ಕೂಡ ಅದರ ಹಿಂದೆಯೇ ಹೋಗುತ್ತದೆ ಎಂಬುದನ್ನು ಮರೆತು ಮಾಡಿದ ಆ್ಯಪ್ ಮಲೆನಾಡಿಗೆ ಉಪಯೋಗವಿಲ್ಲ. ಆದ್ದರಿಂದ ನೆಟ್‌ವರ್ಕ್ ಇಲ್ಲದಿದ್ದರೂ ಬರೆದದ್ದು ಫೋನಿನಲ್ಲಿ ಉಳಿಯುತ್ತದೆ, ಸಿಗ್ನಲ್ ಬಂದಾಗ ಸಂದೇಶ ತಾನಾಗಿ ಹೊರಡುತ್ತದೆ. ಆಮೇಲೆ ಫೋನು ನೀರಿಗೆ ಬಿದ್ದರೂ ಹೊಸ ಫೋನಿನಲ್ಲಿ ಅದೇ ನಂಬರಿನಿಂದ ಪುಸ್ತಕವನ್ನು ಮತ್ತೆ ತೆರೆಯಬಹುದು. ನನಗೆ ಅತ್ಯಂತ ಸಮಾಧಾನ ಕೊಟ್ಟ ಭಾಗ ಇನ್ನೊಂದಿದೆ. ಸಾಲದ ವಾಯಿದೆಯನ್ನು ಮೂವತ್ತು ದಿನ ಎಂದು ಇದು ತಾನೇ ನಿಗದಿ ಮಾಡುವುದಿಲ್ಲ. ಗಿರಾಕಿಗೆ ತಕ್ಕಂತೆ ‘ಬಟವಾಡೆಯ ದಿನ’ ಎಂದೋ ‘ಕಾಫಿ ಮಾರಿದ ಮೇಲೆ’ ಎಂದೋ ನೀವೇ ಇಡಬಹುದು. ಅದಕ್ಕೆ ಮೊದಲು ಯಾರಿಗೂ ನೆನಪೋಲೆ ಹೋಗುವುದಿಲ್ಲ.

ಈಗ ಈ ಪರದೆಯ ಮೇಲೆ ಒಂದು ಹೊಸ ಖಾತೆಯನ್ನು ತೆರೆದು, ಐದು ಕಿಲೋ ಅಕ್ಕಿ ಮತ್ತು ಒಂದು ಕಿಲೋ ಬೆಲ್ಲವನ್ನು ಬರೆಯುತ್ತೇನೆ. ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರೊಬ್ಬರು ದಯವಿಟ್ಟು ತಮ್ಮ ಫೋನನ್ನು ಕೈಯಲ್ಲಿ ಹಿಡಿದುಕೊಂಡಿರಬೇಕು.