ಭಾನುವಾರ ಮಧ್ಯಾಹ್ನದ ಊಟ: ಮೆಣಸಿನಕಾಯಿ ಇಲ್ಲದ ಮೆನು

ಅಮ್ಮ, ಅತ್ತಿಗೆ, ಅಣ್ಣ, ಮೂರೂ ಜನ ಓದಿ. ನಮ್ಮ ಬರ್ಲಿನ್ ಆಫೀಸಿನ ಸಹೋದ್ಯೋಗಿ ಭಾನುವಾರ ಹನ್ನೆರಡೂವರೆಗೆ ಮನೆಗೆ ಬರುತ್ತಾರೆ. ಪುಟ್ಟನೂ ಸೇರಿ ಒಟ್ಟು ಆರು ಎಲೆ. ಅವರಿಗೆ ಖಾರ ಸ್ವಲ್ಪವೂ ಆಗುವುದಿಲ್ಲ, ನಾಲಿಗೆಗಿಂತ ಹೆಚ್ಚಾಗಿ ಹೊಟ್ಟೆಗೆ. ಕ್ಯಾಂಟೀನಿನಲ್ಲಿ ಸಾಂಬಾರು ಬಿಟ್ಟು ಮೊಸರನ್ನ ತೆಗೆದುಕೊಂಡರು, ಅದರ ಒಗ್ಗರಣೆಯಲ್ಲಿದ್ದ ಮಜ್ಜಿಗೆ ಮೆಣಸಿನಕಾಯಿ ಬಾಯಿಗೆ ಸಿಕ್ಕಿ ಮಧ್ಯಾಹ್ನವೆಲ್ಲ ಒದ್ದಾಡಿದರು. ಕಾಳುಮೆಣಸು, ಶುಂಠಿ, ಸಾಸಿವೆ ಆಗುತ್ತದೆಯೇ ಎಂದು ಕೇಳಿದ್ದೇನೆ. ಕಾಳುಮೆಣಸನ್ನು ಅವರ ಮನೆಯಲ್ಲೂ ದಿನಾ ಹಾಕುತ್ತಾರಂತೆ, ಶುಂಠಿ ಇಷ್ಟವಂತೆ. ಹಾಲು, ಕಾಯಿ, ಗೋಡಂಬಿ ಯಾವುದಕ್ಕೂ ತೊಂದರೆ ಇಲ್ಲ.

ಅವರಿಗೊಂದು ಸಪ್ಪೆ, ನಮಗೊಂದು ಖಾರ ಅಂತ ಎರಡು ಅಡುಗೆ ಬೇಡ. ಎಲ್ಲರ ಎಲೆಗೂ ಒಂದೇ ಊಟ ಬೀಳಲಿ. ಬಿಸಿಬೇಳೆಬಾತಿನಿಂದ ಮೆಣಸಿನಕಾಯಿ ತೆಗೆದರೆ ಅದು ಬಿಸಿಬೇಳೆಬಾತೇ ಅಲ್ಲ, ಅದನ್ನು ಬಡಿಸಿ ಇದೇ ನಮ್ಮ ಊಟ ಎಂದು ಹೇಳುವುದು ನನಗೆ ಇಷ್ಟವಿಲ್ಲ. ಅದಕ್ಕೇ ಮೆಣಸಿನಕಾಯಿಯ ಹಂಗು ಅಷ್ಟಾಗಿ ಇಲ್ಲದ ಅಡುಗೆಗಳನ್ನೇ ಆರಿಸಿದ್ದೇನೆ. ಅಮ್ಮ, ನಿನಗೆ ಇದೇನೂ ಹೊಸದಲ್ಲ. ತಿಥಿಯ ದಿನ ಬರೀ ಮೆಣಸು ಜೀರಿಗೆಯಲ್ಲೇ ಇಡೀ ಅಡುಗೆ ಮಾಡುತ್ತೀಯ, ಯಾರೂ ಸಪ್ಪೆ ಅಂದದ್ದಿಲ್ಲ. ಪೋರ್ಚುಗೀಸರು ಮೆಣಸಿನಕಾಯಿ ತರುವ ಮೊದಲು ನಮ್ಮವರು ಖಾರಕ್ಕೆ ನೆಚ್ಚಿಕೊಂಡಿದ್ದದ್ದು ಮಲೆನಾಡಿನ, ಕರಾವಳಿಯ ಈ ಕಾಳುಮೆಣಸನ್ನೇ.

ಬಂದ ಕೂಡಲೇ
ಬೆಲ್ಲದ ಪಾನಕ. ಶುಂಠಿ, ಏಲಕ್ಕಿ, ನಿಂಬೆರಸ, ಚಿಟಿಕೆ ಉಪ್ಪು. ಕುದಿಸಿ ಆರಿಸಿದ ನೀರಿನಲ್ಲೇ ಬೆಲ್ಲ ಕರಗಿಸಿ ಸೋಸಬೇಕು, ಐಸ್ ಬೇಡ, ಮಡಕೆಯಲ್ಲಿಟ್ಟರೆ ಸಾಕು. ಜೊತೆಗೆ ಮನೆಯಲ್ಲೇ ಕರಿದ ಬಾಳೆಕಾಯಿ ಚಿಪ್ಸ್, ಉಪ್ಪುನೀರು ಚಿಮುಕಿಸಿದ್ದು. ಅಂಗಡಿಯದು ಬೇಡ, ಖಾರದ್ದೂ ಸಪ್ಪೆಯದೂ ಒಂದೇ ತಟ್ಟೆಯಲ್ಲಿ ಕಲಸುತ್ತಾರೆ.

ಎಲೆಯ ಮೇಲೆ ಮೊದಲು
ಉಪ್ಪು.
ಉಪ್ಪಲ್ಲಿ ಹಾಕಿದ ನಿಂಬೆಕಾಯಿ, ಜ್ವರ ಬಂದಾಗ ಗಂಜಿಗೆ ನೆಂಚಿಕೊಳ್ಳಲು ಕೊಡುವ ಹಳೇ ಜಾಡಿಯದು. ಮಾವಿನ ಮಿಡಿ ಅಂದು ಹೊರಗೆ ಬರುವುದೇ ಬೇಡ.
ಹೆಸರುಬೇಳೆ ಕೋಸಂಬರಿ: ಬೇಳೆ ಒಂದು ಗಂಟೆ ನೆನೆದರೆ ಸಾಕು. ಸೌತೆಕಾಯಿ, ಕಾಯಿತುರಿ, ಸಣ್ಣಗೆ ಹೆಚ್ಚಿದ ಮಾವಿನಕಾಯಿ, ಕೊತ್ತಂಬರಿ ಸೊಪ್ಪು. ಉಪ್ಪು ಬಡಿಸುವ ಹೊತ್ತಿಗೆ ಮಾತ್ರ, ಇಲ್ಲದಿದ್ದರೆ ನೀರು ಬಿಡುತ್ತದೆ.
ಹುರುಳಿಕಾಯಿ ಪಲ್ಯ: ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಕರಿಬೇವು. ಒಣಮೆಣಸಿನಕಾಯಿಯ ಜಾಗಕ್ಕೆ ಜಜ್ಜಿದ ಶುಂಠಿ. ಕಾಯಿತುರಿ ಧಾರಾಳವಾಗಿ ಇರಲಿ.

ನೀರುದೋಸೆ, ಮಾವಿನಹಣ್ಣಿನ ರಸಾಯನ
ಊಟದ ಜೀವ ಇದು. ಮೇ ತಿಂಗಳ ರಸಪುರಿ ಮನೆಯಲ್ಲಿರುವಾಗ ದೋಸೆಗೆ ಬೇರೆ ಸಿಹಿ ಯಾಕೆ? ಹಣ್ಣು ಕೈಯಲ್ಲೇ ಹಿಚುಕಿ, ಅರ್ಧ ಹೋಳಾಗಿಯೇ ಉಳಿಯಬೇಕು, ಮಿಕ್ಸಿಗೆ ಹಾಕಿದರೆ ಜ್ಯೂಸ್ ಆಗುತ್ತದೆ. ಒಂದು ತೆಂಗಿನಕಾಯಿಯ ಮೊದಲ ಹಾಲು, ಪುಡಿಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು. ಹಣ್ಣು ಎಷ್ಟು ಸಿಹಿ ಎಂದು ನೋಡಿಕೊಂಡು ಬೆಲ್ಲ ಹಾಕು ಅಮ್ಮ.

ದೋಸೆಗೆ 2 ಲೋಟ ಅಕ್ಕಿ ಶನಿವಾರ ರಾತ್ರಿಯೇ ನೆನೆಸಿ. ಹಿಟ್ಟು ಮಜ್ಜಿಗೆಯಷ್ಟು ತೆಳ್ಳಗೆ. ಕಾವಲಿ ಚೆನ್ನಾಗಿ ಕಾದಿರಬೇಕು, ಹೊಯ್ದಾಗ ಚುಂಯ್ ಅಂದು ತೂತು ತೂತಾಗಿ ಏಳಬೇಕು, ಆಮೇಲೆ ಮುಚ್ಚಿ. ಮಗುಚುವುದು ಬೇಡ, ನಾಲ್ಕು ಮಡಿಕೆ ಮಾಡಿ ನೇರ ಎಲೆಗೆ. ಅತ್ತಿಗೆ, ನಿಮ್ಮ ಕೈಯ ದೋಸೆಯಷ್ಟು ನನ್ನದು ಮೆತ್ತಗೆ ಬರುವುದಿಲ್ಲ, ಮೊದಲ ಸುತ್ತು ನೀವು ಹೊಯ್ಯಿರಿ, ಆಮೇಲೆ ನೀವು ಕೂತುಕೊಳ್ಳಿ, ನಾನು ಏಳುತ್ತೇನೆ. ಅಣ್ಣ, ಬಡಿಸುವುದು ನಿನ್ನದು.

ಅವರು ರಸಾಯನವನ್ನು ಕೊನೆಗೆ ಎಂದು ಪಕ್ಕಕ್ಕೆ ಇಟ್ಟಾರು. ದೋಸೆಗೆ ಅದ್ದಿಕೊಂಡು ಈಗಲೇ ತಿನ್ನುವುದು ಎಂದು ಪುಟ್ಟ ತಿಂದು ತೋರಿಸಲಿ.

ಅನ್ನ, ತೊವ್ವೆ, ತುಪ್ಪ
1 ಲೋಟ ಹೆಸರುಬೇಳೆ, ಘಮ್ಮೆನ್ನುವಷ್ಟು ಮಾತ್ರ ಹುರಿದು, ಅರಿಶಿನ ಹಾಕಿ ಬೇಯಿಸಿದ್ದು. ಒಗ್ಗರಣೆ ತುಪ್ಪದಲ್ಲಿ: ಜೀರಿಗೆ, ಇಂಗು, ಶುಂಠಿ, ಕರಿಬೇವು. ಇಳಿಸಿದ ಮೇಲೆ ನಿಂಬೆರಸ. ಇದಕ್ಕೆ ಹಸಿಮೆಣಸಿನಕಾಯಿ ಸೀಳಿ ಹಾಕುವ ಅಭ್ಯಾಸ ಕೈಗೇ ಬಂದುಬಿಟ್ಟಿದೆ. ಆಮೇಲೆ ತೆಗೆದಿಟ್ಟರಾಯಿತು ಎಂದರೆ ಆಗದು, ಖಾರ ಅಷ್ಟರಲ್ಲಿ ಬೇಳೆಗೆ ಇಳಿದಿರುತ್ತದೆ.

ಅನ್ನ, ದೊಡ್ಡಪತ್ರೆ ತಂಬುಳಿ
ಹಿತ್ತಲಿನ ಕುಂಡದಿಂದ ಹದಿನೈದು ಎಲೆ. ತುಪ್ಪದಲ್ಲಿ ಒಂದು ಚಮಚ ಜೀರಿಗೆ, ಆರು ಕಾಳು ಮೆಣಸು ಹುರಿದು, ಎಲೆಯನ್ನೂ ಬಾಡಿಸಿ, ಅರ್ಧ ಬಟ್ಟಲು ಕಾಯಿಯೊಂದಿಗೆ ನುಣ್ಣಗೆ ರುಬ್ಬಿ, ಹುಳಿ ಬಾರದ ಗಟ್ಟಿ ಮಜ್ಜಿಗೆಗೆ ಕಲಸಿ. ಕುದಿಸುವುದಿಲ್ಲ. ಮೆಣಸು ಆರು ಕಾಳಿಗಿಂತ ಜಾಸ್ತಿ ಬೇಡ, ಇಲ್ಲಿ ಎಲೆಯ ಪರಿಮಳ ಮುಂದಿರಬೇಕು. ಅತಿಥಿಗೆ ಇದರದೇ ಒಂದು ಎಲೆ ಕೈಗೆ ಕೊಟ್ಟು ಮೂಸಲು ಹೇಳೋಣ, ಅವರ ಕಡೆಯ ಒರೆಗಾನೊ ನೆನಪಾಗುತ್ತದೆ.

ಅಮ್ಮ ಮಜ್ಜಿಗೆಹುಳಿಯೂ ಇರಲಿ ಅಂದಳು. ತಂಬುಳಿ ಇದೆ, ಮೊಸರನ್ನ ಇದೆ, ಮೂರನೆಯದು ಹೊಟ್ಟೆಗೆ ಭಾರ. ಬೇಡ.

ಜೀರಿಗೆ ಮೆಣಸಿನ ಸಾರು
ಲೋಟದಲ್ಲಿ ಕುಡಿಯಲು, ಬೇಕಾದವರಿಗೆ ಅನ್ನಕ್ಕೂ. ಬೇಳೆಕಟ್ಟು, ಟೊಮೆಟೊ, ಸ್ವಲ್ಪ ಹುಣಸೆ, ಹೊಸದಾಗಿ ಕುಟ್ಟಿದ ಜೀರಿಗೆ, ಕೊತ್ತಂಬರಿ ಬೀಜ, ಎಂಟು ಕಾಳು ಮೆಣಸು. ಸಾರಿನ ಪುಡಿಯ ಡಬ್ಬಿ ಮುಟ್ಟಬಾರದು. ಬ್ಯಾಡಗಿ ಬಣ್ಣಕ್ಕೆ ಮಾತ್ರ, ಅದರಲ್ಲಿ ಖಾರವೇ ಇಲ್ಲ ಎನ್ನುವ ಮಾತು ನಮ್ಮ ನಾಲಿಗೆಗೆ ಸರಿ. ಅವರ ಹೊಟ್ಟೆಗೆ ಬ್ಯಾಡಗಿಯೂ ಮೆಣಸಿನಕಾಯಿಯೇ.

ಮೊಸರನ್ನ
ಅನ್ನ ಮೆತ್ತಗೆ ಕಿವುಚಿ, ಹಾಲು ಮೊಸರು ಸೇರಿಸಿ. ದಾಳಿಂಬೆ ಕಾಳು, ಹುರಿದ ಗೋಡಂಬಿ. ಒಗ್ಗರಣೆಗೆ ಸಾಸಿವೆ, ಇಂಗು ಎರಡೇ. ಕ್ಯಾಂಟೀನಿನಲ್ಲಿ ಅವರನ್ನು ಒದ್ದಾಡಿಸಿದ ಮೊಸರನ್ನವನ್ನು ನಮ್ಮ ಮನೆಯಲ್ಲಿ ಧೈರ್ಯವಾಗಿ ತಿನ್ನಲಿ ಎಂಬುದು ನನ್ನ ಆಸೆ.

ಕೊನೆಗೆ
ಹಾಲುಬಾಯಿ, ಶನಿವಾರ ಸಂಜೆಯೇ ಮಾಡಿಟ್ಟದ್ದು, ಒಂದೊಂದು ಸಣ್ಣ ತುಂಡು. ಅರ್ಧ ಗಂಟೆ ಬಿಟ್ಟು ಫಿಲ್ಟರ್ ಕಾಫಿ.

ಅಡುಗೆಮನೆಯಲ್ಲಿ ಗಮನಕ್ಕೆ
ಮಿಕ್ಸಿಯ ಚಟ್ನಿ ಜಾರ್ ಶನಿವಾರವೇ ಬಿಸಿನೀರು, ಸೋಪಿನಲ್ಲಿ ಎರಡು ಸಲ ತೊಳೆಯಿರಿ, ಮುಚ್ಚಳದ ರಬ್ಬರ್ ಬಿಚ್ಚಿ. ಖಾರ ಎಣ್ಣೆಯಂಶದ ಜೊತೆ ಅಂಟಿಕೊಳ್ಳುತ್ತದೆ, ಬರೀ ನೀರಿಗೆ ಹೋಗುವುದಿಲ್ಲ. ಒಗ್ಗರಣೆ ಸೌಟಿಗೂ ಇದೇ ಕ್ರಮ. ಕರಿಯಲು ಹೊಸ ಎಣ್ಣೆ, ಹೋದ ವಾರದ ಬಜ್ಜಿಯ ಎಣ್ಣೆ ಬೇಡ. ಡಬ್ಬಿಯಲ್ಲಿರುವ ಹಲಸಿನ ಹಪ್ಪಳಕ್ಕೂ ಅಕ್ಕಿ ಸಂಡಿಗೆಗೂ ಮೆಣಸಿನಕಾಯಿ ಹಾಕಿದೆ, ಎರಡೂ ಹಾಗೇ ಇರಲಿ.

ಅಕಸ್ಮಾತ್ ಏನಾದರೂ ಖಾರ ತಗುಲಿದರೆ ನೀರು ಕೊಡಬೇಡಿ, ಬಾಯೆಲ್ಲ ಹರಡುತ್ತದೆ. ಒಂದು ಬಟ್ಟಲು ಗಟ್ಟಿ ಮೊಸರು ಅವರ ಎಲೆಯ ಪಕ್ಕದಲ್ಲೇ ಮೊದಲಿಂದ ಇಟ್ಟಿರೋಣ.

ಬಡಿಸುವಾಗ ಒಂದು ಮಾತು, ಅಮ್ಮ. ನೀನು ಬೇಡ ಬೇಡ ಅಂದರೂ ಹಾಕುವವಳು. ಅವರು ಕೈ ಅಡ್ಡ ಹಿಡಿದರೆ ನಿಲ್ಲಿಸು, ಅವರಲ್ಲಿ ಎಲೆಯಲ್ಲಿ ಬಿಡುವುದಕ್ಕೆ ತುಂಬಾ ಸಂಕೋಚ ಪಡುತ್ತಾರೆ, ಆಗದಿದ್ದರೂ ಮುಗಿಸುತ್ತಾರೆ. "ಪಾಪ, ಖಾರ ತಿನ್ನೋಕಾಗಲ್ಲ" ಅಂತ ಅವರೆದುರು ಯಾರೂ ಅನ್ನುವುದು ಬೇಡ.

ತರಬೇಕಾದದ್ದು
ಅಣ್ಣ: ರಸಪುರಿ 2 ಕಿಲೋ (ಶುಕ್ರವಾರವೇ ತಂದರೆ ಭಾನುವಾರಕ್ಕೆ ಹದವಾಗಿ ಹಣ್ಣಾಗುತ್ತದೆ), ತೆಂಗಿನಕಾಯಿ 4, ಬಾಳೆಕಾಯಿ 3, ಊಟದ ಎಲೆ 8, ದಾಳಿಂಬೆ 1.
ನಾನು: ತುಪ್ಪ, ಕಾಫಿಪುಡಿ, ಹಾಲು, ಮೊಸರು. ಶನಿವಾರ ಮಧ್ಯಾಹ್ನ ಬಂದು ಹಾಲುಬಾಯಿ ಮಗುಚುವುದಕ್ಕೆ ನಿಲ್ಲುತ್ತೇನೆ.